ಎಎಂಸಿ ಬೇಡವೆಂದರೆ ಎರಡು ಗಂಟು ಬಿಚ್ಚಬೇಕು

ಆರ್‌ಓ ನೀರಿನ ಯಂತ್ರ ಕೊಂಡಾಗ ಸಾಮಾನ್ಯವಾಗಿ ಒಂದು ವರ್ಷದ ವಾರಂಟಿ ಸಿಗುತ್ತದೆ. ಅದು ಮುಗಿಯುವ ಮೊದಲೇ ಫೋನ್ ಬರಲು ಶುರುವಾಗುತ್ತದೆ: "ಮೇಡಂ, ನಿಮ್ಮ ವಾರಂಟಿ ಮುಗೀತಾ ಬಂತು, ಎಎಂಸಿ ಮಾಡಿಸಿಬಿಡಿ. ಆಮೇಲೆ ಮಾಡಿಸಿದ್ರೆ ಇನ್‌ಸ್ಪೆಕ್ಷನ್ ಚಾರ್ಜ್ ಬೀಳುತ್ತೆ." ನಾಲ್ಕನೆಯ ಕರೆಗೋ ಐದನೆಯ ಕರೆಗೋ ನಾವು ಹೂಂ ಅನ್ನುತ್ತೇವೆ. ವಾರ್ಷಿಕ ನಿರ್ವಹಣಾ ಒಪ್ಪಂದ, ಅಂದರೆ ಎಎಂಸಿ, ಹೀಗೆ ಮನೆಯೊಳಗೆ ಬರುತ್ತದೆ. ಬರುವ ದಾರಿ ಸುಲಭ. ಒಂದೆರಡು ವರ್ಷದ ಮೇಲೆ ಇದು ಬೇಡ ಅನ್ನಿಸಿದರೆ ಹೊರಗೆ ಕಳಿಸುವ ದಾರಿ ಯಾವುದು ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ.

ಮೊದಲೆಲ್ಲ ಇದು ದೊಡ್ಡ ವಿಷಯವೇ ಆಗಿರಲಿಲ್ಲ. ಸರ್ವಿಸ್ ಹುಡುಗ ಮನೆಗೆ ಬಂದು ಚೆಕ್ಕನ್ನೋ ನಗದನ್ನೋ ತೆಗೆದುಕೊಂಡು ರಸೀದಿ ಹರಿದು ಕೊಡುತ್ತಿದ್ದ. ಮುಂದಿನ ವರ್ಷ ಹಣ ಕೊಡದಿದ್ದರೆ ಒಪ್ಪಂದ ತಾನಾಗಿ ಮುಗಿಯುತ್ತಿತ್ತು. ಈಗಲೂ ಬಹಳಷ್ಟು ಮನೆಗಳಲ್ಲಿ ಹಾಗೆಯೇ ಇದೆ. ಆದರೆ ಯಂತ್ರವನ್ನು ಆ್ಯಪ್ ಮೂಲಕ ಕೊಂಡವರು, "ಮೊದಲ ವರ್ಷ ಸರ್ವಿಸ್ ಉಚಿತ" ಎಂಬ ಯೋಜನೆಗೆ ಸೇರಿದವರು, ಯುಪಿಐನಲ್ಲೋ ಕ್ರೆಡಿಟ್ ಕಾರ್ಡಿನಲ್ಲೋ ಆಟೋಪೇ ಒಪ್ಪಿದವರು, ಇವರ ಸ್ಥಿತಿ ಬೇರೆ. ಇವರು ಸುಮ್ಮನಿದ್ದರೆ ಒಪ್ಪಂದ ನಿಲ್ಲುವುದಿಲ್ಲ, ಮುಂದುವರಿಯುತ್ತದೆ. ಬೇಡವೆಂದು ಬಾಯಿಬಿಟ್ಟು ಹೇಳುವ ಹೊಣೆ ಗ್ರಾಹಕರ ಮೇಲೆ ಬಿದ್ದಿದೆ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದೇ. ಒಪ್ಪಂದ ಬೇರೆ, ಹಣ ಕಡಿತಕ್ಕೆ ಬ್ಯಾಂಕಿಗೆ ಕೊಟ್ಟ ಅನುಮತಿ ಬೇರೆ. ಮೊದಲನೆಯದು ನಮಗೂ ಸರ್ವಿಸ್ ಕೊಡುವವರಿಗೂ ನಡುವಿನದು. ಎರಡನೆಯದು, ಎಲ್ಲರೂ ಮ್ಯಾಂಡೇಟ್ ಎನ್ನುವುದು, ನಮಗೂ ನಮ್ಮ ಬ್ಯಾಂಕಿಗೂ ನಡುವಿನದು. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ "ಬೇಡ" ಎಂದವರ ಖಾತೆಯಿಂದ ಹಣ ಹೋಗಿರುವುದುಂಟು, ಏಕೆಂದರೆ ಮ್ಯಾಂಡೇಟ್ ಜೀವಂತವಾಗಿತ್ತು. ಮ್ಯಾಂಡೇಟ್ ಮಾತ್ರ ರದ್ದು ಮಾಡಿ ನಿಶ್ಚಿಂತರಾದವರಿಗೆ "ನಿಮ್ಮ ಒಪ್ಪಂದ ನವೀಕರಣವಾಗಿದೆ, ಬಾಕಿ ಕಟ್ಟಿ" ಎಂಬ ಸಂದೇಶ ಬರುವುದೂ ಉಂಟು, ಏಕೆಂದರೆ ಒಪ್ಪಂದ ಜೀವಂತವಾಗಿತ್ತು. ಎರಡೂ ಗಂಟನ್ನು ಬಿಚ್ಚಬೇಕು. ಯಾವುದನ್ನು ಮೊದಲು, ಯಾವಾಗ ಎಂಬುದಕ್ಕೂ ಒಂದು ಕ್ರಮ ಇದೆ.

ಲೆಕ್ಕ ಕಣ್ಣಿಗೆ ಕಟ್ಟುವಂತಿರಲಿ ಎಂದು ಮೈಸೂರಿನ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಗಂಡ, ಹೆಂಡತಿ, ಒಬ್ಬ ಮಗಳು. ಮಗಳು ಓದಲು ಹೊರಗೆ ಹೋದ ಮೇಲೆ ನೀರಿನ ಬಳಕೆ ಅರ್ಧಕ್ಕೆ ಇಳಿದಿದೆ. ಇವರ ಆರ್‌ಓ ಯಂತ್ರಕ್ಕೆ ಕಾಂಪ್ರಹೆನ್ಸಿವ್ ಎಎಂಸಿ ಇದೆ, ಅಂದರೆ ಬಿಡಿಭಾಗಗಳೂ ಸೇರಿದ ಒಪ್ಪಂದ. ದರ 5,500 ರೂಪಾಯಿ, ಅದರ ಮೇಲೆ ಶೇಕಡ 18ರ ಜಿಎಸ್‌ಟಿ 990 ರೂಪಾಯಿ, ಒಟ್ಟು 6,490. ಅವಧಿ ಸೆಪ್ಟೆಂಬರ್ 15ರಿಂದ ಮುಂದಿನ ವರ್ಷದ ಸೆಪ್ಟೆಂಬರ್ 14. ವರ್ಷಕ್ಕೆ ಮೂರು ಸರ್ವಿಸ್, ಒಮ್ಮೆ ಫಿಲ್ಟರ್ ಬದಲಾವಣೆ, ಕೆಟ್ಟರೆ ಮೆಂಬ್ರೇನ್ ಮತ್ತು ಪಂಪ್. ಹಣ ಕಟ್ಟಿದ್ದು ಯುಪಿಐ ಆಟೋಪೇಯಲ್ಲಿ.

ಇವರು ಮೊದಲು ಹುಡುಕಬೇಕಾದದ್ದು ಎರಡು ಕಾಗದ: ಬಿಲ್ಲು ಮತ್ತು ಷರತ್ತುಗಳ ಹಾಳೆ. ಷರತ್ತುಗಳು ಎಷ್ಟೋ ಸಲ ಬಿಲ್ಲಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುತ್ತವೆ, ಇಲ್ಲವೇ ಇಮೇಲಿಗೆ ಬಂದ ಪಿಡಿಎಫ್‌ನ ಕೊನೆಯ ಪುಟದಲ್ಲಿರುತ್ತವೆ. ಅದರಲ್ಲಿ ನವೀಕರಣ ಎಂಬ ಮಾತು ಎಲ್ಲಿದೆಯೋ ಅಷ್ಟನ್ನು ಓದಿದರೆ ಸಾಕು. "ಅವಧಿ ಮುಗಿಯುವ 30 ದಿನ ಮೊದಲು ಲಿಖಿತವಾಗಿ ತಿಳಿಸದಿದ್ದರೆ ಒಪ್ಪಂದ ಆಗಿನ ದರದಲ್ಲಿ ಇನ್ನೊಂದು ವರ್ಷಕ್ಕೆ ಮುಂದುವರಿಯುತ್ತದೆ" ಎಂಬ ಅರ್ಥದ ವಾಕ್ಯ ಇದ್ದರೆ ಗಡುವು ಸೆಪ್ಟೆಂಬರ್ 14 ಅಲ್ಲ. ಹಿಂದಕ್ಕೆ 30 ದಿನ ಎಣಿಸಿದರೆ ಆಗಸ್ಟ್ 15. ಅಂದು ಸ್ವಾತಂತ್ರ್ಯ ದಿನ, ಎಲ್ಲೆಡೆ ರಜೆ. ಕಂಪನಿಗೆ ಪತ್ರ "ತಲುಪಬೇಕು" ಎಂದು ಬರೆದಿದ್ದರೆ ಆಗಸ್ಟ್ 14ರೊಳಗೆ ತಲುಪಿರಬೇಕು. ಆದ್ದರಿಂದ ಈ ಮನೆಯವರು ಜುಲೈ ಕೊನೆಗೇ ಬರೆದುಬಿಡುವುದು ಕ್ಷೇಮ. "ಆಗಿನ ದರದಲ್ಲಿ" ಎಂಬ ಪದವನ್ನೂ ಗಮನಿಸಿ. ಈ ವರ್ಷ 5,500 ಕೊಟ್ಟವರಿಗೆ ಮುಂದಿನ ವರ್ಷ 6,200 ಆಗಬಹುದು. ತೆರಿಗೆ ಸೇರಿ ಅದು 7,316.

ಷರತ್ತುಗಳ ಹಾಳೆಯಲ್ಲಿ ನವೀಕರಣದ ಮಾತೇ ಇಲ್ಲದಿದ್ದರೆ? ಆಗ ಅವಧಿ ಮುಗಿದ ದಿನ ಒಪ್ಪಂದವೂ ಮುಗಿಯಿತು. "ನೀವು ಬೇಡ ಅನ್ನಲಿಲ್ಲ, ಅದಕ್ಕೇ ಮುಂದುವರಿಸಿದೆವು" ಎಂಬ ವಾದ ನಿಲ್ಲುವುದಿಲ್ಲ. ಮೌನವನ್ನು ಒಪ್ಪಿಗೆ ಎಂದು ಒಬ್ಬರೇ ತೀರ್ಮಾನಿಸುವಂತಿಲ್ಲ ಎಂಬುದು ಒಪ್ಪಂದ ಕಾನೂನಿನ ಹಳೆಯ ತತ್ವ. 1862ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದು ಕುದುರೆ ಮಾರಾಟದ ವ್ಯಾಜ್ಯದಲ್ಲಿ ಇದನ್ನೇ ಹೇಳಿತ್ತು. ನೀನು ಉತ್ತರ ಕೊಡದಿದ್ದರೆ ಕುದುರೆ ನನ್ನದೇ ಎಂದು ಭಾವಿಸುತ್ತೇನೆ ಎಂದು ಮಾವನೊಬ್ಬ ಸೋದರಳಿಯನಿಗೆ ಬರೆದಿದ್ದ. ಅಳಿಯನ ಮೌನದಿಂದ ಒಪ್ಪಂದ ಆಗಲಿಲ್ಲ ಎಂದು ತೀರ್ಪಾಯಿತು. ನಮ್ಮ 1872ರ ಭಾರತೀಯ ಒಪ್ಪಂದ ಕಾಯ್ದೆಯ ಪ್ರಕಾರವೂ ಒಪ್ಪಿಗೆಯನ್ನು ವ್ಯಕ್ತಪಡಿಸಬೇಕು. ಆದರೆ ಇದಕ್ಕೆ ಎರಡು ಮಿತಿಗಳಿವೆ. ಮೊದಲ ವರ್ಷವೇ ನವೀಕರಣದ ಷರತ್ತಿಗೆ ಸಹಿ ಹಾಕಿದ್ದರೆ ಈಗಿನ ಮೌನಕ್ಕೆ ಆಗಲೇ ಅರ್ಥ ಕೊಟ್ಟಾಗಿದೆ. ಇನ್ನೊಂದು, ನಡವಳಿಕೆಯಿಂದಲೂ ಒಪ್ಪಿಗೆ ಆಗುತ್ತದೆ. ಅವಧಿ ಮುಗಿದ ಮೇಲೆ ಬಂದ ಸರ್ವಿಸ್ ಹುಡುಗನನ್ನು ಒಳಗೆ ಕರೆದು, ಹೊಸ ಒಪ್ಪಂದದ ಲೆಕ್ಕದಲ್ಲಿ ಫಿಲ್ಟರ್ ಹಾಕಿಸಿಕೊಂಡು, ಅವನ ಹಾಳೆಗೆ ಸಹಿ ಮಾಡಿದರೆ "ನಾನು ಒಪ್ಪಿರಲಿಲ್ಲ" ಎನ್ನುವುದು ಕಷ್ಟವಾಗುತ್ತದೆ.

ಇನ್ನು ಬಿಲ್ಲಿನಲ್ಲಿ ನೋಡಬೇಕಾದದ್ದು ಹೆಸರು. ಯಂತ್ರದ ಮೇಲೆ ದೊಡ್ಡ ಕಂಪನಿಯ ಹೆಸರಿರುತ್ತದೆ. ಎಎಂಸಿ ಬಿಲ್ಲಿನ ತಲೆಯಲ್ಲಿ ಮಾತ್ರ ನಿಮ್ಮೂರಿನ ಯಾವುದೋ ಎಂಟರ್‌ಪ್ರೈಸಸ್ ಹೆಸರೂ ಅದರ ಜಿಎಸ್‌ಟಿ ಸಂಖ್ಯೆಯೂ ಇರಬಹುದು. ಸರ್ವಿಸ್ ಫ್ರಾಂಚೈಸಿ ತನ್ನದೇ ಲೆಕ್ಕದಲ್ಲಿ ಒಪ್ಪಂದ ಮಾಡಿಕೊಂಡಿರುವ ಪ್ರಸಂಗ ಅದು. ಆಗ ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ "ನಿಮ್ಮ ಹೆಸರಿನಲ್ಲಿ ನಮ್ಮಲ್ಲಿ ಎಎಂಸಿಯೇ ಇಲ್ಲ" ಎಂಬ ಉತ್ತರ ಬರುತ್ತದೆ. ನಿಲ್ಲಿಸುವ ಪತ್ರ ಬಿಲ್ಲಿನಲ್ಲಿ ಹೆಸರಿರುವವರಿಗೇ ಹೋಗಬೇಕು, ಒಂದು ಪ್ರತಿ ಕಂಪನಿಗೆ. ಯಂತ್ರದ ಸೀರಿಯಲ್ ನಂಬರ್ ಹೇಳಿ ಕಂಪನಿಯ ಅಧಿಕೃತ ಸಹಾಯವಾಣಿಯಲ್ಲಿ ಒಪ್ಪಂದದ ಕೊನೆಯ ದಿನ ಯಾವುದೆಂದು ಕೇಳಿಕೊಳ್ಳುವುದು ಇನ್ನೊಂದು ಕಾರಣಕ್ಕೂ ಒಳ್ಳೆಯದು. ಕಂಪನಿಯವರೆಂದು ಹೇಳಿಕೊಂಡು ಬೇರೆ ಯಾರೋ ನವೀಕರಣದ ಹಣ ಕೇಳುವುದಿದೆ. ಹಣವನ್ನು ಒಬ್ಬ ವ್ಯಕ್ತಿಯ ಮೊಬೈಲ್ ಸಂಖ್ಯೆಗೆ ಕಳಿಸಿ ಎಂದರೆ ಅಲ್ಲಿಗೇ ಮಾತು ನಿಲ್ಲಿಸಬೇಕು.

ಪತ್ರ ಬರೆಯುವ ಮೊದಲು ಒಂದು ಕೆಲಸವಿದೆ. ಕೊಟ್ಟ ಹಣಕ್ಕೆ ಬರಬೇಕಾದ ಸರ್ವಿಸ್ ಎಲ್ಲ ಬಂದಿದೆಯೇ ನೋಡಿ. ನಮ್ಮ ಮೈಸೂರಿನ ಮನೆಗೆ ಮೂರು ಸರ್ವಿಸ್ ಬಾಕಿಯಾಗದೆ ಆಗಬೇಕಿತ್ತು. ಎರಡೇ ಆಗಿದ್ದರೆ ಮೂರನೆಯದನ್ನು ಜುಲೈನಲ್ಲೇ ಬುಕ್ ಮಾಡಿ, ಫಿಲ್ಟರ್ ಬದಲಾವಣೆ ಬಾಕಿಯಿದ್ದರೆ ಅದೂ ಆಗಲಿ. ನಿಲ್ಲಿಸುತ್ತೇವೆ ಎಂದು ಹೇಳಿದ ಮೇಲೆ ಸರ್ವಿಸ್‌ಗೆ ದಿನ ಕೊಡುವುದು ತಡವಾಗುತ್ತಾ ಹೋಗುವ ಸಾಧ್ಯತೆ ಇದೆ. ಅವಧಿ ಮುಗಿಯುವ ತನಕ ಸರ್ವಿಸ್ ನಮ್ಮ ಹಕ್ಕೇ ಹೌದು, ಆದರೂ ಹಕ್ಕಿಗಾಗಿ ಜಗಳ ಆಡುವುದಕ್ಕಿಂತ ಮೊದಲೇ ಪಡೆದುಕೊಳ್ಳುವುದು ಲೇಸು.

ಇಲ್ಲಿ ಮುಖ್ಯವಾದದ್ದು ಮೆಂಬ್ರೇನ್. ಆರ್‌ಓ ಯಂತ್ರದಲ್ಲಿ ದುಬಾರಿಯಾದ, ಕರಗಿದ ಲವಣಗಳನ್ನು ನಿಜವಾಗಿ ತಡೆಯುವ ಭಾಗ ಅದೇ. ಒಪ್ಪಂದ ಮುಗಿದ ತಿಂಗಳಿಗೇ ಅದು ಸೋತರೆ ಪೂರ್ತಿ ಖರ್ಚು ನಮ್ಮದು. ಅದರ ಸ್ಥಿತಿ ತಿಳಿಯಲು ಟಿಡಿಎಸ್ ಮೀಟರ್ ಸಾಕು. ಪೆನ್ನಿನಷ್ಟು ಗಾತ್ರದ ಈ ಸಾಧನ ಆನ್‌ಲೈನ್‌ನಲ್ಲೂ ಎಲೆಕ್ಟ್ರಿಕಲ್ ಅಂಗಡಿಗಳಲ್ಲೂ ಕಡಿಮೆ ಬೆಲೆಗೆ ಸಿಗುತ್ತದೆ, ಸರ್ವಿಸ್‌ಗೆ ಬರುವವರ ಚೀಲದಲ್ಲೂ ಇರುತ್ತದೆ. ನಲ್ಲಿಯಿಂದ ಯಂತ್ರಕ್ಕೆ ಹೋಗುವ ನೀರನ್ನು ಒಂದು ಲೋಟದಲ್ಲಿ, ಯಂತ್ರದಿಂದ ಬರುವ ನೀರನ್ನು ಇನ್ನೊಂದರಲ್ಲಿ ಹಿಡಿದು ಅಳೆಯಿರಿ. ಚೆನ್ನಾಗಿರುವ ಮೆಂಬ್ರೇನ್ ಟಿಡಿಎಸ್‌ನ ಹತ್ತರಲ್ಲಿ ಸುಮಾರು ಒಂಬತ್ತು ಪಾಲನ್ನು ತಡೆಯುತ್ತದೆ. ಬೋರ್‌ವೆಲ್ ನೀರು 800 ಇದ್ದರೆ ಹೊರಗೆ 80ರ ಆಸುಪಾಸು ಬರಬೇಕು. ಹೊರಗಿನದು 250 ತೋರಿಸಿದರೆ ಕೇಳಬೇಕು. ಆದರೆ ಒಂದು ಎಚ್ಚರ. ಅನೇಕ ಯಂತ್ರಗಳಲ್ಲಿ ಟಿಡಿಎಸ್ ಕಂಟ್ರೋಲರ್ ಎಂಬ ಸಣ್ಣ ತಿರುಪು ಇರುತ್ತದೆ. ರುಚಿಗೆಂದು ಅದು ಮೆಂಬ್ರೇನ್ ದಾಟದ ನೀರನ್ನೂ ಸ್ವಲ್ಪ ಬೆರೆಸುತ್ತದೆ. ಆದ್ದರಿಂದ ಅದನ್ನು ಪೂರ್ತಿ ಮುಚ್ಚಿಸಿ, ತೊಟ್ಟಿಯ ಹಳೆಯ ನೀರು ಖಾಲಿ ಮಾಡಿ, ಆಮೇಲೆ ಅಳೆದ ಅಂಕಿಯೇ ಮೆಂಬ್ರೇನ್‌ನ ನಿಜ ಸ್ಥಿತಿ ಹೇಳುತ್ತದೆ. ಆಗಲೂ ಅಂಕಿ ಏರಿದ್ದರೆ ಸರ್ವಿಸ್ ಹಾಳೆಯಲ್ಲಿ ಎರಡೂ ಅಂಕಿಗಳನ್ನು ಬರೆಸಿ, ಒಪ್ಪಂದದ ಅವಧಿಯಲ್ಲೇ ಮೆಂಬ್ರೇನ್ ಬದಲಿಸಲು ದೂರು ನೋಂದಾಯಿಸಿ. ಅವಧಿಯೊಳಗೆ ನೋಂದಾಯಿಸಿದ ದೂರನ್ನು ಅವಧಿ ಮುಗಿಯಿತೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆ ದೂರಿನ ಸಂಖ್ಯೆಯೇ ಆಗ ನಿಮ್ಮ ಆಧಾರ.

ಏರ್ ಕಂಡೀಷನರ್ ಇದ್ದವರಿಗೂ ಇದೇ ಲೆಕ್ಕ, ಋತು ಮಾತ್ರ ಬೇರೆ. ಬೇಸಗೆಗೆ ಮುನ್ನ ಮಾರ್ಚಿನಲ್ಲಿ ಕೊಂಡ ಎಸಿಯ ಒಪ್ಪಂದ ಮಾರ್ಚಿನಲ್ಲೇ ಮುಗಿಯುತ್ತದೆ, ಸರ್ವಿಸ್‌ನವರಿಗೆ ಕೈತುಂಬ ಕೆಲಸವಿರುವ ಹೊತ್ತಿಗೆ. ಜೆಟ್ ಪಂಪಿನಲ್ಲಿ ತೊಳೆಯುವ ವೆಟ್ ಸರ್ವಿಸ್ ಅನ್ನು ಫೆಬ್ರವರಿಯಲ್ಲೇ ಮಾಡಿಸಿಕೊಳ್ಳಿ. ಎಸಿಯಲ್ಲಿ ಇನ್ನೊಂದು ಭಯ ಹುಟ್ಟಿಸುತ್ತಾರೆ: ಎಎಂಸಿ ಬಿಟ್ಟರೆ ಕಂಪ್ರೆಸರ್ ವಾರಂಟಿ ಹೋಗುತ್ತದೆ ಎಂದು. ಕಂಪ್ರೆಸರ್‌ಗೆ ತಯಾರಕರು ಬಹುತೇಕ ಪ್ರತ್ಯೇಕವಾಗಿ ಹಲವು ವರ್ಷಗಳ ವಾರಂಟಿ ಕೊಟ್ಟಿರುತ್ತಾರೆ. ಅದಕ್ಕೆ ಎಎಂಸಿ ಕಡ್ಡಾಯ ಎಂದು ವಾರಂಟಿ ಕಾರ್ಡಿನಲ್ಲಿ ಬರೆದಿದೆಯೇ ಎಂದು ಕೇಳಿದರೆ ಉತ್ತರ ಅಲ್ಲೇ ಸಿಗುತ್ತದೆ.

ಈಗ ಪತ್ರ. ಫೋನಿನಲ್ಲಿ ಹೇಳಿದ್ದು ಗಾಳಿಯಲ್ಲಿ ಹೋಗುತ್ತದೆ. ಸರ್ವಿಸ್ ಹುಡುಗನಿಗೆ ಹೇಳಿದ್ದಂತೂ ಅವನಲ್ಲೇ ಉಳಿಯುತ್ತದೆ, ಅವನಿಗೆ ಅದನ್ನು ದಾಖಲಿಸುವ ಅಧಿಕಾರವೂ ಇರುವುದಿಲ್ಲ. ಇಮೇಲ್ ಕಳಿಸಿ. ಕಳಿಸುವಾಗ ಬಿಲ್ಲಿನಲ್ಲಿ ಕೊಟ್ಟಿರುವ ನಿಮ್ಮದೇ ಇಮೇಲ್ ವಿಳಾಸದಿಂದ ಕಳಿಸಿದರೆ "ಗ್ರಾಹಕರು ನೀವೇ ಎಂದು ಖಾತ್ರಿಯಾಗಲಿಲ್ಲ" ಎಂಬ ನೆಪಕ್ಕೆ ಎಡೆ ಇರುವುದಿಲ್ಲ. ಉದ್ದ ಬೇಡ, ಕಾರಣ ಹೇಳಬೇಕಾದ್ದಿಲ್ಲ. ಕಾರಣ ಹೇಳಿದರೆ ಅದನ್ನು ಹಿಡಿದು ರಿಯಾಯಿತಿಯ ಮಾತು ಶುರುವಾಗುತ್ತದೆ. ಇಷ್ಟಿದ್ದರೆ ಸಾಕು:

"ನನ್ನ ಹೆಸರಿನಲ್ಲಿರುವ ನೀರು ಶುದ್ಧೀಕರಣ ಯಂತ್ರದ (ಸೀರಿಯಲ್ ನಂಬರ್ ಇಂಥದ್ದು, ಒಪ್ಪಂದ ಸಂಖ್ಯೆ ಇಂಥದ್ದು) ವಾರ್ಷಿಕ ನಿರ್ವಹಣಾ ಒಪ್ಪಂದ ಸೆಪ್ಟೆಂಬರ್ 14ಕ್ಕೆ ಮುಗಿಯುತ್ತದೆ. ಇದನ್ನು ನವೀಕರಿಸಲು ನನಗೆ ಇಷ್ಟವಿಲ್ಲ. ಆ ದಿನದ ನಂತರ ನವೀಕರಣದ ಹೆಸರಿನಲ್ಲಿ ನನ್ನ ಖಾತೆಯಿಂದ ಯಾವ ಹಣವನ್ನೂ ಕಡಿತ ಮಾಡಬಾರದು. ಹಣ ಕಡಿತಕ್ಕೆ ಕೊಟ್ಟಿದ್ದ ಅನುಮತಿಯನ್ನು ಹಿಂಪಡೆಯುತ್ತಿದ್ದೇನೆ. ಅಲ್ಲಿಯವರೆಗಿನ ಸರ್ವಿಸ್ ಈಗಿನ ಒಪ್ಪಂದದಂತೆ ನಡೆಯಲಿ. ಈ ಪತ್ರ ತಲುಪಿದ್ದನ್ನು ಮತ್ತು ಒಪ್ಪಂದ ನವೀಕರಣವಾಗುವುದಿಲ್ಲ ಎಂಬುದನ್ನು ಲಿಖಿತವಾಗಿ ತಿಳಿಸಿ."

"ಅಲ್ಲಿಯವರೆಗಿನ ಸರ್ವಿಸ್ ನಡೆಯಲಿ" ಎಂಬ ವಾಕ್ಯವನ್ನು ಬಿಡಬೇಡಿ. "ಎಎಂಸಿ ಕ್ಯಾನ್ಸಲ್ ಮಾಡಿ" ಎಂದಷ್ಟೇ ಬರೆದವರ ಒಪ್ಪಂದವನ್ನು ಅಂದೇ ಮುಗಿಸಿ, ಉಳಿದ ಆರು ವಾರದ ಸರ್ವಿಸ್ ಕೈಬಿಟ್ಟರೆ ತಪ್ಪು ನಮ್ಮ ಪದಗಳದ್ದೇ ಎಂದಾಗುತ್ತದೆ. ಅವಧಿಯ ನಡುವೆ ನಿಲ್ಲಿಸುವುದು ಬೇರೆ, ಅವಧಿ ಮುಗಿದ ಮೇಲೆ ಮುಂದುವರಿಸದಿರುವುದು ಬೇರೆ. ನಡುವೆ ನಿಲ್ಲಿಸಿದರೆ ಕಟ್ಟಿದ ಹಣ ಹಿಂದಿರುಗದು ಎಂದು ಬಹುತೇಕ ಒಪ್ಪಂದಗಳಲ್ಲಿರುತ್ತದೆ. ನವೀಕರಣ ಬೇಡ ಎನ್ನುವುದಕ್ಕೆ ದಂಡವೂ ಇಲ್ಲ, ಶುಲ್ಕವೂ ಇಲ್ಲ.

ಮೂರ್ನಾಲ್ಕು ಕೆಲಸದ ದಿನಗಳಲ್ಲಿ ಉತ್ತರ ಬಾರದಿದ್ದರೆ ಅದೇ ಪತ್ರವನ್ನು ಮುದ್ರಿಸಿ, ಸಹಿ ಹಾಕಿ, ಬಿಲ್ಲಿನಲ್ಲಿರುವ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ. ಮೊದಲು ಇಂಥದ್ದಕ್ಕೆಲ್ಲ ರಿಜಿಸ್ಟರ್ಡ್ ಪೋಸ್ಟ್ ಎನ್ನುತ್ತಿದ್ದೆವು. 2025ರಲ್ಲಿ ಅಂಚೆ ಇಲಾಖೆ ಅದನ್ನು ಸ್ಪೀಡ್ ಪೋಸ್ಟ್ ಜೊತೆ ವಿಲೀನ ಮಾಡಿದೆ. ರಸೀದಿಯ ಸಂಖ್ಯೆ ಹಾಕಿ ಇಲಾಖೆಯ ಜಾಲತಾಣದಲ್ಲಿ ಪತ್ರ ತಲುಪಿದ ದಿನ ನೋಡಿ, ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ಜುಲೈ ಕೊನೆಗೆ ಬರೆಯಿರಿ ಎಂದು ಹೇಳಿದ್ದು ಈ ಎರಡನೆಯ ಪ್ರಯತ್ನಕ್ಕೂ ಸಮಯ ಉಳಿಯಲಿ ಎಂದೇ.

ಪತ್ರ ಹೋದ ಮೇಲೆ ಮ್ಯಾಂಡೇಟ್. ಇದರ ಹಿಂದಿರುವ ನಿಯಮ ತಿಳಿದರೆ ಭಯ ಕಡಿಮೆಯಾಗುತ್ತದೆ. ಕಾರ್ಡಿನಿಂದ ಮತ್ತೆ ಮತ್ತೆ ಹಣ ಕಡಿತವಾಗುವ ವ್ಯವಸ್ಥೆಗೆ ರಿಸರ್ವ್ ಬ್ಯಾಂಕ್ 2019ರ ಆಗಸ್ಟ್‌ನಲ್ಲಿ ಚೌಕಟ್ಟು ಹಾಕಿತು, 2020ರಲ್ಲಿ ಅದು ಯುಪಿಐಗೂ ಬಂತು. ಹಳೆಯ ವ್ಯವಸ್ಥೆಗಳೆಲ್ಲ ಅದಕ್ಕೆ ಹೊಂದಿಕೊಳ್ಳಲೇಬೇಕೆಂದು 2021ರ ಅಕ್ಟೋಬರ್ 1ರಿಂದ ಕಟ್ಟುನಿಟ್ಟಾಯಿತು. ಮೊದಲ ಸಲ ಪಿನ್ ಅಥವಾ ಒಟಿಪಿ ಕೊಟ್ಟು ನಾವು ಅನುಮತಿ ಕೊಡುತ್ತೇವೆ. ಆಮೇಲೆ 15,000 ರೂಪಾಯಿವರೆಗಿನ ಕಡಿತಕ್ಕೆ ಮತ್ತೆ ಪಿನ್ ಕೇಳುವುದಿಲ್ಲ. ಈ ಮಿತಿ ಮೊದಲು 5,000 ಇತ್ತು, 2022ರ ಜೂನ್‌ನಲ್ಲಿ ಏರಿತು. ನಮ್ಮ ಮೈಸೂರಿನ ಮನೆಯ 7,316 ರೂಪಾಯಿ ಮಿತಿಯೊಳಗೇ ಇದೆ. ಮ್ಯಾಂಡೇಟ್ ಒಪ್ಪುವಾಗ "ಗರಿಷ್ಠ" ಎಂಬ ಜಾಗದಲ್ಲಿ ದೊಡ್ಡ ಮೊತ್ತ ತುಂಬಿದ್ದರೆ, ಏರಿದ ದರವೂ ಕೇಳದೆಯೇ ಹೋಗುತ್ತದೆ. ಕಳೆದ ವರ್ಷ ಕೊಟ್ಟಷ್ಟೇ ಈ ವರ್ಷವೂ ಹೋಗುತ್ತದೆ ಎಂದು ನಂಬಿದವರಿಗೆ ಇದೇ ಆಘಾತ.

ಅದೇ ಚೌಕಟ್ಟಿನಲ್ಲಿ ಗ್ರಾಹಕರ ಕೈಗೂ ಬಲ ಕೊಟ್ಟಿದ್ದಾರೆ. ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಬ್ಯಾಂಕಿನಿಂದ ಸಂದೇಶ ಬರಬೇಕು. ಯಾರಿಗೆ, ಎಷ್ಟು, ಯಾವಾಗ, ಏತಕ್ಕೆ ಎಂಬುದು ಅದರಲ್ಲಿರಬೇಕು. ಆ ಒಂದು ಕಡಿತವನ್ನೋ ಇಡೀ ಮ್ಯಾಂಡೇಟನ್ನೋ ತಡೆಯುವ ಅವಕಾಶ ನಮಗಿರಬೇಕು. ಮ್ಯಾಂಡೇಟನ್ನು ಯಾವಾಗ ಬೇಕಾದರೂ ಆನ್‌ಲೈನ್‌ನಲ್ಲಿ ಹಿಂಪಡೆಯುವ ಸೌಲಭ್ಯವನ್ನು ಬ್ಯಾಂಕ್ ಕೊಡಲೇಬೇಕು. ಇದಕ್ಕೆ ಕಂಪನಿಯ ಒಪ್ಪಿಗೆ ಬೇಕಿಲ್ಲ. "ನಮ್ಮ ಕಡೆಯಿಂದ ರಿಲೀಸ್ ಆಗಬೇಕು" ಎಂದು ಕಸ್ಟಮರ್ ಕೇರ್‌ನವರು ಹೇಳಿದರೆ ಕೇಳಬೇಡಿ.

ಯುಪಿಐ ಆದರೆ ಆಟೋಪೇ ಒಪ್ಪಿದ ಅದೇ ಆ್ಯಪ್ ತೆರೆದು, ಪ್ರೊಫೈಲ್ ಚಿತ್ರ ಒತ್ತಿದರೆ ಆಟೋಪೇ ಎಂಬ ವಿಭಾಗ ಸಿಗುತ್ತದೆ. ಅಲ್ಲಿರುವ ಪಟ್ಟಿಯಲ್ಲಿ ಕಂಪನಿಯ ಹೆಸರೇ ಇರುತ್ತದೆ ಎಂದುಕೊಳ್ಳಬೇಡಿ, ಹಣ ಪಾವತಿ ನಿರ್ವಹಿಸುವ ಬೇರೊಂದು ಸಂಸ್ಥೆಯ ಹೆಸರಿರಬಹುದು. ಶುರುವಾದ ದಿನಾಂಕ ಮತ್ತು ಗರಿಷ್ಠ ಮೊತ್ತ ನೋಡಿ ಗುರುತಿಸಿ. ಒತ್ತುವಾಗ ತಾತ್ಕಾಲಿಕವಾಗಿ ನಿಲ್ಲಿಸುವ ಗುಂಡಿಗೂ ರದ್ದು ಮಾಡುವ ಗುಂಡಿಗೂ ವ್ಯತ್ಯಾಸ ಇದೆ. ನಿಲ್ಲಿಸಿದ್ದು ಮತ್ತೆ ಶುರುವಾಗಬಹುದು. ರದ್ದು ಮಾಡುವಾಗ ಪಿನ್ ಕೇಳಿ, ರದ್ದಾಗಿದೆ ಎಂಬ ಸಂದೇಶ ತೋರಿಸಬೇಕು. ಅದನ್ನೂ ಸ್ಕ್ರೀನ್‌ಶಾಟ್ ತೆಗೆಯಿರಿ. ಕ್ರೆಡಿಟ್ ಅಥವಾ ಡೆಬಿಟ್ ಕಾರ್ಡ್ ಆದರೆ ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ವಿಭಾಗದಲ್ಲಿ ಇ-ಮ್ಯಾಂಡೇಟ್ ಅಥವಾ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಎಂಬ ಹೆಸರಿನಲ್ಲಿರುತ್ತದೆ. ಬ್ಯಾಂಕ್ ಖಾತೆಗೇ ಕೊಟ್ಟ ನ್ಯಾಚ್ ಮ್ಯಾಂಡೇಟ್ ಆದರೆ ನೆಟ್ ಬ್ಯಾಂಕಿಂಗ್‌ನಲ್ಲಿ ಸಿಗದಿದ್ದಾಗ ಶಾಖೆಗೆ ಹೋಗಿ ಅರ್ಜಿ ಕೊಟ್ಟು, ಮೊಹರು ಹಾಕಿಸಿದ ಪ್ರತಿ ತರಬೇಕು. ಇದನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬಾರದು.

ಖಾತೆಯಲ್ಲಿ ಹಣವೇ ಇಡದೆ ತಪ್ಪಿಸಿಕೊಳ್ಳುವ ಉಪಾಯವನ್ನು ಕೆಲವರು ಹೇಳುತ್ತಾರೆ. ಅದು ಕೆಟ್ಟ ಉಪಾಯ. ನ್ಯಾಚ್ ಕಡಿತ ವಿಫಲವಾದರೆ ಬ್ಯಾಂಕ್ ದಂಡ ಹಾಕುತ್ತದೆ, ಇನ್ನೊಂದು ದಿನ ಸಂಬಳ ಬಂದಾಗ ಮತ್ತೆ ಕಡಿತಕ್ಕೆ ಪ್ರಯತ್ನ ನಡೆಯಬಹುದು, ಮೇಲಾಗಿ ಒಪ್ಪಂದ ಹಾಗೆಯೇ ಉಳಿಯುತ್ತದೆ.

ಪತ್ರ ಮೊದಲು, ಮ್ಯಾಂಡೇಟ್ ಆಮೇಲೆ ಎಂದದ್ದಕ್ಕೆ ಕಾರಣವಿದೆ. ಮ್ಯಾಂಡೇಟ್ ರದ್ದಾದ ಕೂಡಲೇ ಕಂಪನಿಗೆ ಸೂಚನೆ ಹೋಗುತ್ತದೆ. ಪತ್ರ ಇಲ್ಲದಿದ್ದರೆ ಅವರ ಲೆಕ್ಕದಲ್ಲಿ ನೀವು ಹಣ ಕಟ್ಟದ ಗ್ರಾಹಕ. ಪತ್ರ ಇದ್ದರೆ ನೀವು ಒಪ್ಪಂದ ಮುಗಿಸಿದ ಗ್ರಾಹಕ. ಇದು ಬಾಡಿಗೆ ಯಂತ್ರಗಳ ವಿಷಯದಲ್ಲಿ ಇನ್ನೂ ದೊಡ್ಡ ವ್ಯತ್ಯಾಸ. ತಿಂಗಳ ಬಾಡಿಗೆಗೆ ಆರ್‌ಓ ಹಾಕಿಸಿಕೊಂಡಿದ್ದರೆ ಯಂತ್ರ ನಿಮ್ಮದಲ್ಲ. ಅಲ್ಲಿ ನಿಲ್ಲಿಸುವುದೆಂದರೆ ಯಂತ್ರ ಹಿಂದಿರುಗಿಸುವುದು, ಅದರ ಸ್ಥಿತಿಯ ಫೋಟೊ ತೆಗೆಯುವುದು, ಒಪ್ಪಿಸಿದ್ದಕ್ಕೆ ರಸೀದಿ ಪಡೆಯುವುದು, ಠೇವಣಿ ವಾಪಸು ಕೇಳುವುದು, ಇಷ್ಟೂ ಸೇರಿರುತ್ತದೆ.

ಅಷ್ಟಾದ ಮೇಲೂ ಸೆಪ್ಟೆಂಬರ್ ಮೊದಲ ವಾರ ಒಬ್ಬ ಸರ್ವಿಸ್ ಹುಡುಗ ಬಾಗಿಲಿಗೆ ಬರಬಹುದು. "ಸಾರ್, ಚೆಕ್ ಮಾಡಿ ಹೋಗ್ತೀನಿ ಅಷ್ಟೇ. ಒಂದು ಒಟಿಪಿ ಬರುತ್ತೆ, ಹೇಳಿ." ಅವನ ಮೇಲೆ ಸಿಟ್ಟಾಗಬೇಕಿಲ್ಲ, ತಿಂಗಳಿಗೆ ಇಷ್ಟು ನವೀಕರಣ ಎಂಬ ಗುರಿ ಅವನ ತಲೆಯ ಮೇಲೂ ಇರಬಹುದು. ಆದರೆ ಒಟಿಪಿ ಹೇಳುವ ಮೊದಲು ಸಂದೇಶವನ್ನು ಪೂರ್ತಿ ಓದಿ. ಸರ್ವಿಸ್ ಮುಗಿದಿದೆ ಎಂಬ ಒಟಿಪಿಯೇ, ಒಪ್ಪಂದ ಒಪ್ಪಿದೆ ಎಂಬ ಒಟಿಪಿಯೇ ಎಂಬುದು ಅದರ ಇಂಗ್ಲಿಷ್ ಸಾಲಿನಲ್ಲೇ ಇರುತ್ತದೆ. ಮನೆಯಲ್ಲಿ ವಯಸ್ಸಾದವರಷ್ಟೇ ಇದ್ದರೆ, ಆ ವಾರ ಸರ್ವಿಸ್‌ನವರು ಬಂದರೆ ಯಾವುದಕ್ಕೂ ಸಹಿ ಹಾಕಬೇಡಿ, ಒಟಿಪಿ ಹೇಳಬೇಡಿ ಎಂದು ಅವರಿಗೆ ಮೊದಲೇ ತಿಳಿಸಿಡಿ. ಬಹಳ ನವೀಕರಣಗಳು ನಡೆಯುವುದು ಹಾಗೆ, ಮಕ್ಕಳು ಆಫೀಸಿಗೆ ಹೋಗಿರುವ ಹೊತ್ತಿನಲ್ಲಿ ಅಜ್ಜಿಯ ಸಹಿಯಿಂದ.

ಎಲ್ಲ ಮಾಡಿದರೂ ಹಣ ಕಡಿತವಾಯಿತು ಅನ್ನಿ. ಆ ದಿನವೇ ಕಂಪನಿಗೆ ಬರೆಯಿರಿ: ಇಂಥ ದಿನ ನವೀಕರಣ ಬೇಡವೆಂದು ತಿಳಿಸಿದ್ದೆ, ಹೊಸ ಅವಧಿಯಲ್ಲಿ ಯಾವ ಸರ್ವಿಸ್ ಕೂಡ ಪಡೆದಿಲ್ಲ, ಪೂರ್ತಿ ಹಣ ವಾಪಸು ಮಾಡಿ ಎಂದು. ಹಣ ಬರುವ ತನಕ ಹೊಸ ಒಪ್ಪಂದದಡಿ ಸರ್ವಿಸ್ ಮಾಡಿಸಿಕೊಳ್ಳಬೇಡಿ. ಮ್ಯಾಂಡೇಟ್ ರದ್ದಾದ ಮೇಲೂ ಹಣ ಹೋಗಿದ್ದರೆ, ಅಥವಾ 24 ಗಂಟೆ ಮೊದಲಿನ ಸಂದೇಶವೇ ಬಂದಿರದಿದ್ದರೆ, ದೂರು ಬ್ಯಾಂಕಿನ ಮೇಲೂ ಹೋಗಬೇಕು. ಬ್ಯಾಂಕ್ 30 ದಿನದಲ್ಲಿ ಸರಿಪಡಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ಮೂಲಕ ಉಚಿತವಾಗಿ ದೂರು ಕೊಡಬಹುದು. ಆದರೆ ಮ್ಯಾಂಡೇಟ್ ಜೀವಂತವಿದ್ದು, ಸಂದೇಶವೂ ಬಂದಿದ್ದು, ನಾವೇ ನೋಡದೆ ಬಿಟ್ಟಿದ್ದರೆ ಬ್ಯಾಂಕ್ ಏನೂ ಮಾಡದು. ಆಗ ಮಾತುಕತೆ ಕಂಪನಿಯ ಜೊತೆ ಮಾತ್ರ.

ಕಂಪನಿ ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತಾಡಬಹುದು. consumerhelpline.gov.in ಜಾಲತಾಣದಲ್ಲಿ ಇಮೇಲು, ಸ್ಕ್ರೀನ್‌ಶಾಟ್‌ಗಳನ್ನು ಸೇರಿಸಿ ದೂರು ದಾಖಲಿಸಬಹುದು. ಅದು ನ್ಯಾಯಾಲಯವಲ್ಲ, ಆದೇಶ ಕೊಡುವ ಅಧಿಕಾರ ಅದಕ್ಕಿಲ್ಲ. ಆದರೂ ಇಂಥ ಮೊತ್ತದ ವ್ಯಾಜ್ಯಕ್ಕೆ ಮೊದಲು ತಟ್ಟಬೇಕಾದ ಬಾಗಿಲು ಅದೇ ಎಂಬುದು ನನ್ನ ಖಚಿತ ಅಭಿಪ್ರಾಯ. ದೂರು ಬರೆಯುವಾಗ ಒಂದು ಹೆಸರು ನೆನಪಿರಲಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ತಂತ್ರಗಳ ಪಟ್ಟಿ ಇದೆ. ಅದರಲ್ಲೊಂದು ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್. ಚಂದಾ ರದ್ದು ಮಾಡುವ ದಾರಿಯನ್ನು ಬಚ್ಚಿಡುವುದು, ಅಸಾಧ್ಯ ಅಥವಾ ಸುತ್ತುಬಳಸಿನದಾಗಿ ಮಾಡುವುದು, ಉಚಿತ ಸೇವೆ ಕೊಡಲು ಆಟೋ ಡೆಬಿಟ್ ಅನುಮತಿಯನ್ನು ಬಲವಂತವಾಗಿ ಪಡೆಯುವುದು ಇವೆಲ್ಲ ಅದರೊಳಗೆ ಬರುತ್ತವೆ. "ಒಂದು ವರ್ಷ ಸರ್ವಿಸ್ ಉಚಿತ, ಆಟೋಪೇ ಕಡ್ಡಾಯ" ಎಂದು ಆ್ಯಪ್‌ನಲ್ಲಿ ಕಂಡಿದ್ದರೆ ಆ ಪುಟದ ಚಿತ್ರ ನಿಮ್ಮ ದೂರಿಗೆ ದೊಡ್ಡ ಬಲ.

ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷ ರೂಪಾಯಿವರೆಗಿನ ಸೇವೆಯ ದೂರಿಗೆ ಶುಲ್ಕವಿಲ್ಲ, ವಕೀಲರೇ ಬೇಕೆಂದಿಲ್ಲ, ನೀವಿರುವ ಊರಿನ ಆಯೋಗದಲ್ಲೇ ಸಲ್ಲಿಸಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರು ಕೊಡಲು ಎರಡು ವರ್ಷದ ಗಡುವಿದೆ. ಆದ್ದರಿಂದ ಒಪ್ಪಂದ ತಂಟೆಯಿಲ್ಲದೆ ಮುಗಿದಂತೆ ಕಂಡರೂ ಇಮೇಲು, ಅಂಚೆ ರಸೀದಿ, ಮ್ಯಾಂಡೇಟ್ ರದ್ದಾದ ಸ್ಕ್ರೀನ್‌ಶಾಟ್ ಮತ್ತು ಕೊನೆಯ ಸರ್ವಿಸ್ ಹಾಳೆ, ಈ ನಾಲ್ಕನ್ನು ಮುಂದಿನ ಎರಡು ಸೆಪ್ಟೆಂಬರ್ ಕಳೆಯುವವರೆಗೆ ಒಂದೇ ಕಡೆ ಇಟ್ಟಿರಿ. ಪ್ರತಿ ಸೆಪ್ಟೆಂಬರ್ 15ರ ನಂತರ ಒಮ್ಮೆ ಬ್ಯಾಂಕ್ ಸ್ಟೇಟ್‌ಮೆಂಟ್ ತೆರೆದು ನೋಡಿ.